ಗೋದಾಮಿನ ಮೂಟೆಯಿಂದ ಫೈನಲ್ ಪರೀಕ್ಷೆಯವರೆಗೆ

ರಾಯಚೂರು ಕಡೆಯ ಒಂದು ಅಕ್ಕಿ ಗಿರಣಿ. ಏಪ್ರಿಲ್ 1ರ ಬೆಳಗ್ಗೆ, ಇನ್ನೂ ಹಮಾಲರು ಕೆಲಸ ಶುರು ಮಾಡುವ ಮುನ್ನವೇ, ಲೆಕ್ಕಪರಿಶೋಧಕರ ಕಚೇರಿಯಿಂದ ಇಪ್ಪತ್ತು ಇಪ್ಪತ್ತೊಂದರ ಹುಡುಗಿಯೊಬ್ಬಳು ಗೋದಾಮಿಗೆ ಬಂದಿದ್ದಾಳೆ ಎಂದುಕೊಳ್ಳಿ. ಕೈಯಲ್ಲಿ ಒಂದು ಹಾಳೆ, ಪೆನ್ನು. ಆಕೆ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ಸಿ.ಎ. ಇಂಟರ್‌ಮೀಡಿಯೆಟ್ ಮುಗಿಸಿ ಆರ್ಟಿಕಲ್‌ಶಿಪ್‌ಗೆ ಸೇರಿದವಳು. ವರ್ಷಾಂತ್ಯದ ದಾಸ್ತಾನನ್ನು ಕಣ್ಣಾರೆ ನೋಡಿ ಎಣಿಸಿಕೊಂಡು ಬರುವುದು ಅಂದಿನ ಕೆಲಸ.

ಒಂದು ಅಟ್ಟಿಯಲ್ಲಿ ಉದ್ದಕ್ಕೆ 20, ಅಗಲಕ್ಕೆ 10, ಎತ್ತರಕ್ಕೆ 12 ಮೂಟೆ. ಗುಣಿಸಿದರೆ 2,400. ಇನ್ನೊಂದರಲ್ಲಿ 18, 10, 10, ಅಂದರೆ 1,800. ಒಟ್ಟು 4,200. ಅಟ್ಟಿಯ ಒಳಗು ಟೊಳ್ಳಾಗಿದ್ದರೆ ಈ ಗುಣಾಕಾರ ಸುಳ್ಳಾಗುತ್ತದೆ. ಆದ್ದರಿಂದ ಮೇಲೆ ಹತ್ತಿ ನಡುವಿನ ಒಂದಷ್ಟು ಮೂಟೆಗಳನ್ನು ಸರಿಸಿ ನೋಡಬೇಕು ಎಂದು ಹಿರಿಯರು ಹೇಳಿ ಕಳಿಸಿದ್ದಾರೆ. ಆಕೆ ನೋಡುತ್ತಾಳೆ, ಒಳಗೂ ಮೂಟೆಗಳಿವೆ. ಆದರೆ ಗಿರಣಿಯ ದಾಸ್ತಾನು ಪುಸ್ತಕ 4,380 ಎನ್ನುತ್ತಿದೆ. 180 ಮೂಟೆ ಕಡಿಮೆ!

ಕಳವು ಎಂದುಕೊಳ್ಳುವ ಮುನ್ನ ಆಕೆ ಗೇಟಿನ ರಿಜಿಸ್ಟರ್ ತೆರೆಸುತ್ತಾಳೆ. ಮಾರ್ಚ್ 31ರ ರಾತ್ರಿ 9ಕ್ಕೆ ಖರೀದಿದಾರನದೇ ಲಾರಿಯೊಂದು 180 ಮೂಟೆ ಹೇರಿಕೊಂಡು ಹೋದ ದಾಖಲೆ ಅಲ್ಲಿದೆ. ತೂಕದ ಚೀಟಿಯಲ್ಲೂ ಅದೇ ತಾರೀಖು. ಬಿಲ್ ಮಾತ್ರ ಏಪ್ರಿಲ್ 1ರದು. ಖರೀದಿದಾರನ ಲಾರಿಗೆ ಏರಿದ ಸರಕು ಮಾರ್ಚ್ 31ಕ್ಕೇ ಗಿರಣಿಯ ಕೈಬಿಟ್ಟಿದೆ, ಹಾಗಾಗಿ ಮಾರಾಟ ಹಳೆಯ ವರ್ಷಕ್ಕೇ ಸೇರಬೇಕು. ಮೂಟೆಗೆ ಮಾರಾಟ ಬೆಲೆ 2,000 ರೂಪಾಯಿ, ಗಿರಣಿಗೆ ಬಿದ್ದ ಖರ್ಚು 1,800 ಎಂದಿಟ್ಟುಕೊಂಡರೆ ಮಾರಾಟ 3,60,000 ಏರುತ್ತದೆ, ದಾಸ್ತಾನು 3,24,000 ಇಳಿಯುತ್ತದೆ, ಆ ವರ್ಷದ ಲಾಭ 36,000 ಹೆಚ್ಚುತ್ತದೆ. ದಾಸ್ತಾನು ಪರಿಶೀಲನೆಯ ಬಗ್ಗೆ ಲೆಕ್ಕಪರಿಶೋಧನಾ ಮಾನದಂಡ 501 ಹೇಳುವುದನ್ನು ಆಕೆ ಪುಸ್ತಕದಲ್ಲಿ ಓದಿಯೇ ಪರೀಕ್ಷೆ ಬರೆದಿರುತ್ತಾಳೆ. ಆದರೆ ಗೇಟಿನ ರಿಜಿಸ್ಟರ್ ಕೇಳಬೇಕೆಂಬುದು ಹೊಳೆಯುವುದು ಗೋದಾಮಿನಲ್ಲಿ ನಿಂತಾಗಲೇ.

ಸಿ.ಎ. ಎಂದರೆ ಕಠಿಣ ಪರೀಕ್ಷೆ ಎಂಬುದು ಊರಿಗೆಲ್ಲ ಗೊತ್ತು. ಆ ಪರೀಕ್ಷೆಗಳ ನಡುವೆ ಹೀಗೊಂದು ದುಡಿಮೆಯ ಕಾಲ ಇದೆ, ಅದನ್ನು ಮುಗಿಸದೆ ಕೊನೆಯ ಪರೀಕ್ಷೆಗೆ ಕೂರಲು ಬಿಡುವುದೇ ಇಲ್ಲ ಎಂಬುದು ಅನೇಕ ತಂದೆತಾಯಿಗಳಿಗೆ ತಿಳಿಯುವುದು ಮಕ್ಕಳು ಇಂಟರ್ ಪಾಸಾದ ಮೇಲೆ. ಆಗ ಒಂದು ತಿಂಗಳೊಳಗೆ ತೀರ್ಮಾನ ಮಾಡಬೇಕಾಗಿ ಬರುತ್ತದೆ. ಯಾವ ಊರು, ಯಾವ ಕಚೇರಿ, ಎಷ್ಟು ಸ್ಟೈಪೆಂಡ್? ಅವಸರದಲ್ಲಿ ಮಾಡಿದ ಈ ಆಯ್ಕೆ ಮುಂದಿನ ಎರಡು ವರ್ಷಗಳನ್ನು ಕಟ್ಟಿಹಾಕುತ್ತದೆ.

ಎರಡು ವರ್ಷ ಎಂಬ ಲೆಕ್ಕ ಹೊಸದು. ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ 2023ರ ಜುಲೈ 1ರಿಂದ ಹೊಸ ಶಿಕ್ಷಣ ಮತ್ತು ತರಬೇತಿ ಪದ್ಧತಿ ತಂದಿತು. ಅದಕ್ಕೂ ಮುಂಚೆ ಆರ್ಟಿಕಲ್‌ಶಿಪ್ ಮೂರು ವರ್ಷವಿತ್ತು. 2023ರ ಜೂನ್ 30ರೊಳಗೆ ಸೇರಿದವರು ಹಳೆಯ ಮೂರು ವರ್ಷವನ್ನೇ ಮುಗಿಸಬೇಕಿತ್ತು, ಮರುದಿನ ಸೇರಿದವರಿಗೆ ಎರಡೇ ವರ್ಷ. ಹಳೆಯ ಪದ್ಧತಿಯಲ್ಲಿ ಇಂಟರ್‌ನ ಒಂದು ಗ್ರೂಪ್ ಪಾಸಾದರೂ ಕಚೇರಿಗೆ ಸೇರಬಹುದಿತ್ತು. ಈಗ ಎರಡೂ ಗ್ರೂಪ್ ಪಾಸಾಗಿರಬೇಕು. ಜೊತೆಗೆ ಕಂಪ್ಯೂಟರ್ ಮತ್ತು ಓರಿಯೆಂಟೇಷನ್ ತರಗತಿಗಳ ನಾಲ್ಕು ವಾರದ ಕೋರ್ಸನ್ನೂ ಮೊದಲೇ ಮುಗಿಸಿರಬೇಕು.

ಈ ಬದಲಾವಣೆಯ ಹಿಂದಿನ ಯೋಚನೆ ಸರಿಯಾಗಿದೆ ಎಂದೇ ಹೇಳಬೇಕು. ಮೊದಲು ಒಂದು ಗ್ರೂಪ್ ಉಳಿಸಿಕೊಂಡು ಕಚೇರಿಗೆ ಬಂದ ಹುಡುಗ, ಕೆಲಸದ ನಡುವೆ ರಜೆ ಹಾಕಿ ಆ ಗ್ರೂಪ್‌ಗೆ ಓದುತ್ತಿದ್ದ. ಮೂರನೆಯ ವರ್ಷದ ಕೊನೆಯಲ್ಲಿ ಫೈನಲ್‌ಗೆ ಕೂರಬಹುದಾಗಿದ್ದರಿಂದ ಮತ್ತೆ ತಿಂಗಳುಗಟ್ಟಲೆ ರಜೆ. ಹಳೆಯ ನಿಯಮದಲ್ಲಿ ಮೂರು ವರ್ಷಕ್ಕೆ 156 ದಿನಗಳವರೆಗೆ ರಜೆ ಸಿಗುತ್ತಿತ್ತು, ಅದರಲ್ಲಿ ಬಹುಪಾಲು ಪರೀಕ್ಷೆಯ ಓದಿಗೇ ಹೋಗುತ್ತಿತ್ತು. ಹೊಸ ಪದ್ಧತಿ ಓದನ್ನೂ ಕೆಲಸವನ್ನೂ ಬೇರ್ಪಡಿಸಿತು. ತರಬೇತಿಯ ಎರಡು ವರ್ಷದಲ್ಲಿ ರಜೆ ವರ್ಷಕ್ಕೆ 12, ಒಟ್ಟು 24 ದಿನ. ತರಬೇತಿ ಮುಗಿದ ಮೇಲೆ ಓದಿಗೆಂದೇ ಆರು ತಿಂಗಳು. ಅದಾದ ಮೇಲೆ ಫೈನಲ್.

ಇಲ್ಲಿ ಒಂದು ಲೆಕ್ಕವನ್ನು ಮನೆಯವರೆಲ್ಲ ಕೂತು ಹಾಕಿಕೊಳ್ಳುವುದು ಒಳ್ಳೆಯದು. ಹೊಸ ಪದ್ಧತಿಯ ಮೊದಲ ದಿನ, 2023ರ ಜುಲೈ 1ರಂದು ಒಬ್ಬ ವಿದ್ಯಾರ್ಥಿ ಸೇರಿದ್ದ ಎನ್ನೋಣ. 2025ರ ಜೂನ್ 30ಕ್ಕೆ ತರಬೇತಿ ಮುಗಿಯಿತು, ಡಿಸೆಂಬರ್ 31ಕ್ಕೆ ಆರು ತಿಂಗಳ ಓದಿನ ಅವಧಿಯೂ ಮುಗಿಯಿತು. 2026ರ ಜನವರಿಯ ಫೈನಲ್‌ಗೆ ಆತ ಅರ್ಹ. ಅದೇ ದಿನ ಸೇರಿದ ಇನ್ನೊಬ್ಬಳು ಅಕ್ಕನ ಮದುವೆ, ಜ್ವರ, ಊರಹಬ್ಬ ಎಂದು 24ರ ಬದಲು 34 ದಿನ ರಜೆ ಹಾಕಿದ್ದಳು ಎನ್ನೋಣ. ಹೆಚ್ಚಿನ ಹತ್ತು ದಿನವನ್ನು ಆಕೆ ದುಡಿದೇ ತೀರಿಸಬೇಕು. ತರಬೇತಿ ಜುಲೈ 10ಕ್ಕೆ ಮುಗಿಯುತ್ತದೆ, ಆರು ತಿಂಗಳು ಜನವರಿ 10ಕ್ಕೆ. ಪರೀಕ್ಷೆಯ ತಿಂಗಳು ಆರಂಭವಾಗುವ ಮೊದಲೇ ಅರ್ಹತೆ ಬಂದಿರಬೇಕಾದ್ದರಿಂದ ಜನವರಿ ತಪ್ಪುತ್ತದೆ, ಮೇ ತಿಂಗಳವರೆಗೆ ಕಾಯಬೇಕು. ಹತ್ತು ದಿನದ ರಜೆಗೆ ನಾಲ್ಕು ತಿಂಗಳ ದಂಡ.

ಸೇರುವ ದಿನಾಂಕಕ್ಕೂ ಇದೇ ಮಾತು. ಇಂಟರ್ ಫಲಿತಾಂಶ ಬಂದ ಮೇಲೆ ಒಳ್ಳೆಯ ಕಚೇರಿ ಹುಡುಕುತ್ತ ಎರಡು ತಿಂಗಳು ಕಳೆದವರು, ಆ ಎರಡು ತಿಂಗಳು ಕೊನೆಯಲ್ಲಿ ಒಂದು ಪರೀಕ್ಷೆಯನ್ನೇ ತಿಂದುಹಾಕುವುದನ್ನು ನೋಡುತ್ತಾರೆ. ನಾಲ್ಕು ವಾರದ ಕೋರ್ಸನ್ನು ಇಂಟರ್ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲೇ ಮುಗಿಸಿಕೊಂಡರೆ ಇದನ್ನು ತಪ್ಪಿಸಬಹುದು. ಬೆಂಗಳೂರಿನಲ್ಲಿ ಬ್ಯಾಚ್‌ಗಳು ಬೇಗ ಭರ್ತಿಯಾಗುತ್ತವೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಲ್ಲೂ ಸಂಸ್ಥೆಯ ಶಾಖೆಗಳಿವೆ.

ಕಾಗದಪತ್ರದ ವಿಷಯ ಚಿಕ್ಕದು, ಆದರೆ ಎಡವುವವರು ಹೆಚ್ಚು. ತರಬೇತಿ ಕೊಡುವ ಸಿ.ಎ.ಯನ್ನು ಪ್ರಿನ್ಸಿಪಾಲ್ ಎನ್ನುತ್ತಾರೆ. ಪ್ರಿನ್ಸಿಪಾಲ್ ಮತ್ತು ವಿದ್ಯಾರ್ಥಿಯ ನಡುವೆ ಛಾಪಾ ಕಾಗದದ ಮೇಲೆ ಕರಾರು ಆಗುತ್ತದೆ, ಅದು ಫಾರಂ 102. ಸೇರಿದ 30 ದಿನದೊಳಗೆ ಫಾರಂ 103 ಸಂಸ್ಥೆಗೆ ಹೋಗಬೇಕು, ಈಗ ಅದನ್ನು ಆನ್‌ಲೈನ್ ಪೋರ್ಟಲ್‌ನಲ್ಲಿ ಸಲ್ಲಿಸುತ್ತಾರೆ. ಕಚೇರಿಗೆ ಹೋಗತೊಡಗಿದ ಮಾತ್ರಕ್ಕೆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ, ಫಾರಂ ನೋಂದಣಿಯಾಗಿರಬೇಕು. 'ಸರ್ ಕಳಿಸಿರ್ತಾರೆ' ಎಂದು ಸುಮ್ಮನಿದ್ದು ಆಮೇಲೆ ವಿಳಂಬ ಶುಲ್ಕ ಕಟ್ಟಿ, ಕಾರಣ ಬರೆದುಕೊಟ್ಟು ಅಲೆದವರಿದ್ದಾರೆ. ಜೊತೆಗೆ ಬಿ.ಕಾಂ. ಓದುತ್ತಿದ್ದರೆ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು, ಅದು ಫಾರಂ 112. ಕಾಲೇಜಿನ ಸಮಯ ಕಚೇರಿಯ ಸಮಯಕ್ಕೆ ಅಡ್ಡ ಬರಬಾರದು. ವಾರಕ್ಕೆ 35 ಗಂಟೆ ಕೆಲಸ ಎಂಬುದು ನಿಯಮ. ಸೆಪ್ಟೆಂಬರ್ ಕೊನೆಯ ವಾರದ ಟ್ಯಾಕ್ಸ್ ಆಡಿಟ್ ಗಡಿಬಿಡಿಯಲ್ಲಿ ಈ 35 ಎಲ್ಲಿಗೆ ಹೋಗುತ್ತದೆ ಎಂಬುದು ಆ ಕಚೇರಿಗಳಲ್ಲಿ ಕೆಲಸ ಮಾಡಿದ ಪ್ರತಿಯೊಬ್ಬರಿಗೂ ಗೊತ್ತು.

ಇನ್ನು ಹಣ. ಹಳೆಯ ಕಾಲದ ಇಂಗ್ಲೆಂಡಿನಲ್ಲಿ ಕೆಲಸ ಕಲಿಯಲು ಬಂದ ಹುಡುಗನ ಮನೆಯವರೇ ಗುರುವಿಗೆ ದೊಡ್ಡ ಮೊತ್ತ ತೆರಬೇಕಿತ್ತು. ನಮ್ಮಲ್ಲಿ ಅದಕ್ಕೆ ಆಸ್ಪದವಿಲ್ಲ. 1988ರ ಚಾರ್ಟರ್ಡ್ ಅಕೌಂಟೆಂಟ್‌ಗಳ ನಿಯಮಾವಳಿಯ ಪ್ರಕಾರ ಪ್ರಿನ್ಸಿಪಾಲ್ ವಿದ್ಯಾರ್ಥಿಯಿಂದ ಹಣ ಪಡೆಯುವಂತಿಲ್ಲ, ಬದಲಿಗೆ ತಾನೇ ತಿಂಗಳು ತಿಂಗಳು ಸ್ಟೈಪೆಂಡ್ ಕೊಡಬೇಕು. 2023ರಲ್ಲಿ ಕನಿಷ್ಠ ದರವನ್ನು ದುಪ್ಪಟ್ಟು ಮಾಡಲಾಯಿತು. ಬೆಂಗಳೂರಿನಂಥ, 20 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರದಲ್ಲಿ ಮೊದಲ ವರ್ಷ ತಿಂಗಳಿಗೆ 4,000, ಎರಡನೆಯ ವರ್ಷ 5,000 ರೂಪಾಯಿ. ತೀರ ಚಿಕ್ಕ ಊರುಗಳಲ್ಲಿ 2,000 ಮತ್ತು 3,000. ನಡುವಿನ ನಗರಗಳಿಗೆ ಇವೆರಡರ ನಡುವಿನ ದರ. ಬೆಂಗಳೂರಿನಲ್ಲಿ ಎರಡು ವರ್ಷ ದುಡಿದವರಿಗೆ ಈ ಕನಿಷ್ಠ ದರದಲ್ಲಿ ಸಿಗುವುದು ಒಟ್ಟು 1,08,000. ಆ ಎರಡು ವರ್ಷದ ಪಿ.ಜಿ. ಬಾಡಿಗೆಗೇ ಇದು ಸಾಲದು. ದೊಡ್ಡ ಕಚೇರಿಗಳು ಇದಕ್ಕಿಂತ ಬಹಳ ಹೆಚ್ಚು ಕೊಡುತ್ತವೆ, ಆದರೆ ಅಲ್ಲಿಗೆ ಸೀಟು ಸಿಗುವುದು ಕೆಲವರಿಗೆ. ಸಿಂಧನೂರಿನಿಂದಲೋ ಸಿರಸಿಯಿಂದಲೋ ಬಂದ ಮಗುವಿಗೆ ಎರಡು ವರ್ಷ ಮನೆಯಿಂದಲೇ ದುಡ್ಡು ಕಳಿಸಬೇಕಾಗುತ್ತದೆ. ಕನಿಷ್ಠ ದರ ಇನ್ನೂ ಏರಬೇಕು ಎಂಬ ಮಾತಿಗೆ ಈ ಲೆಕ್ಕಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಹಾಗಿದ್ದರೆ ಊರಲ್ಲೇ ಇರುವುದು ಒಳ್ಳೆಯದೋ ಬೆಂಗಳೂರಿಗೆ ಹೋಗುವುದೋ? ಕಚೇರಿಯ ಗಾತ್ರವನ್ನಲ್ಲ, ಅಲ್ಲಿ ಕೈಗೆ ಬರುವ ಕೆಲಸವನ್ನು ನೋಡಬೇಕು. ದೊಡ್ಡ ಕಚೇರಿಯಲ್ಲಿ ಒಬ್ಬ ಆರ್ಟಿಕಲ್ ವಿದ್ಯಾರ್ಥಿ ಇಡೀ ವರ್ಷ ಒಂದೇ ಐ.ಟಿ. ಕಂಪನಿಯ ಆದಾಯದ ಭಾಗವನ್ನಷ್ಟೇ ಪರಿಶೀಲಿಸುತ್ತಿರಬಹುದು. ಆ ಒಂದನ್ನು ಆಳವಾಗಿ, ಒಳ್ಳೆಯ ದಾಖಲಾತಿಯ ಶಿಸ್ತಿನೊಂದಿಗೆ ಕಲಿಯುತ್ತಾನೆ, ಆದರೆ ಒಂದು ಸಹಕಾರ ಸಂಘದ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ನೋಡಿರುವುದಿಲ್ಲ. ದಾವಣಗೆರೆಯ ಮಧ್ಯಮ ಗಾತ್ರದ ಕಚೇರಿಯಲ್ಲಿ ಒಬ್ಬಳೇ ಗಿರಣಿಯ ಆಡಿಟ್, ಆಸ್ಪತ್ರೆಯ ಟ್ರಸ್ಟ್, ಬ್ಯಾಂಕಿನ ಶಾಖೆ ಎಲ್ಲವನ್ನೂ ಮುಟ್ಟಬಹುದು. ಅಥವಾ ಎರಡು ವರ್ಷವಿಡೀ ಜಿ.ಎಸ್.ಟಿ. ರಿಟರ್ನ್‌ಗೆ ಬಿಲ್ ನಮೂದಿಸುತ್ತ ಕೂತಿರಲೂಬಹುದು.

ಈ ಕೊನೆಯದು ತರಬೇತಿಯ ಅತಿ ಸಾಮಾನ್ಯ ಕಾಯಿಲೆ. ಗುರುತು ಹಿಡಿಯುವುದು ಕಷ್ಟವಲ್ಲ. ಬಿಲ್‌ಗಳನ್ನು ಟ್ಯಾಲಿಗೆ ಏರಿಸುವುದು ಕಕ್ಷಿದಾರನ ಗುಮಾಸ್ತನ ಕೆಲಸ. ಆ ಬಿಲ್‌ಗಳನ್ನು ಜಿ.ಎಸ್.ಟಿ. ಪೋರ್ಟಲ್‌ನ 2ಬಿ ಪಟ್ಟಿಯೊಂದಿಗೆ ತಾಳೆ ನೋಡಿ, ಯಾವ ಮಾರಾಟಗಾರ ತೆರಿಗೆ ತೋರಿಸಿಲ್ಲ ಎಂದು ಕಂಡುಹಿಡಿದು ಕಕ್ಷಿದಾರನಿಗೆ ಪತ್ರ ಬರೆಯುವುದು ಆರ್ಟಿಕಲ್ ಕೆಲಸ. ಇನ್ನೊಂದು ಉದಾಹರಣೆ: ಸಣ್ಣ ಉದ್ಯಮಗಳಿಂದ ಸರಕು ಕೊಂಡವರು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಆ ಖರ್ಚು ಹಣ ಕೊಟ್ಟ ವರ್ಷಕ್ಕಷ್ಟೇ ಆದಾಯ ತೆರಿಗೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಮಾರ್ಚ್ ಕೊನೆಯ ಬಾಕಿದಾರರ ಪಟ್ಟಿ ಹಿಡಿದು, ಯಾರು ಉದ್ಯಮ್ ನೋಂದಣಿ ಉಳ್ಳವರು, ಯಾರ ಬಾಕಿ ಎಷ್ಟು ದಿನದ್ದು ಎಂದು ಬೇರ್ಪಡಿಸುವ ಕೆಲಸ ಬೇಸರದ್ದೇ. ಆದರೆ ಅದರಲ್ಲಿ ಕಾನೂನು, ಲೆಕ್ಕ, ವ್ಯಾಪಾರಿಯ ಕಷ್ಟ ಮೂರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಸೇರುವ ಮೊದಲು ಅಲ್ಲಿ ಎರಡನೆಯ ವರ್ಷದಲ್ಲಿರುವ ವಿದ್ಯಾರ್ಥಿಯನ್ನು ಹೊರಗೆ ಚಹಾಕ್ಕೆ ಕರೆದು ಕೇಳುವುದು ಎಲ್ಲ ಜಾಹೀರಾತಿಗಿಂತ ಮೇಲು. ಕಳೆದ ಆರು ತಿಂಗಳಲ್ಲಿ ಯಾವ ಯಾವ ಕಕ್ಷಿದಾರರ ಬಳಿ ಹೋದಿರಿ? ನೀವು ಬರೆದ ಟಿಪ್ಪಣಿಯನ್ನು ಸರ್ ಓದಿ ತಿದ್ದಿ ಕೊಡುತ್ತಾರಾ? ಮೊದಲ ಪ್ರಶ್ನೆಗೆ ಕಚೇರಿಯ ಹೆಸರೇ ಉತ್ತರವಾಗಿ ಬಂದರೆ, ಅಂದರೆ ಹೊರಗೆ ಹೋದದ್ದೇ ಇಲ್ಲವೆಂದಾದರೆ, ಅಲ್ಲಿ ಆಡಿಟ್ ಕಲಿಯಲು ಸಿಗುವುದು ಕಡಿಮೆ. ಸೇರಿದ ಮೇಲೆ ಒಂದೇ ಬಗೆಯ ಕೆಲಸ ಸಿಗುತ್ತಿದ್ದರೆ ಪ್ರಿನ್ಸಿಪಾಲರ ಒಪ್ಪಿಗೆಯಿಂದ ಕೆಲವು ತಿಂಗಳು ಬೇರೊಬ್ಬ ಸಿ.ಎ. ಕಚೇರಿಗೆ ಹೋಗಿ ಕಲಿಯುವ ಅವಕಾಶವೂ ನಿಯಮದಲ್ಲಿದೆ. ಅದಕ್ಕೆ ಸೆಕೆಂಡ್‌ಮೆಂಟ್ ಎನ್ನುತ್ತಾರೆ. ಕೊನೆಯ ವರ್ಷವನ್ನು ಕಾರ್ಖಾನೆ ಅಥವಾ ಕಂಪನಿಯಲ್ಲಿ ಕಳೆಯುವ ಕೈಗಾರಿಕಾ ತರಬೇತಿಯೂ ಇದೆ. ಕಚೇರಿಯನ್ನೇ ಬದಲಿಸುವುದು ಮಾತ್ರ ಸುಲಭವಲ್ಲ. ಆರಂಭದ ಅವಧಿ ದಾಟಿದ ಮೇಲೆ ಅನಾರೋಗ್ಯ, ತಂದೆತಾಯಿಯ ವರ್ಗಾವಣೆ, ಮದುವೆಯಾಗಿ ಬೇರೆ ಊರಿಗೆ ಹೋಗುವುದು ಇಂಥ ಗೊತ್ತುಮಾಡಿದ ಕಾರಣಗಳಿರಬೇಕು, ದಾಖಲೆ ಕೊಡಬೇಕು.

ಎಲ್ಲಕ್ಕಿಂತ ಕೆಟ್ಟದ್ದು 'ಡಮ್ಮಿ' ಆರ್ಟಿಕಲ್‌ಶಿಪ್. ಕಾಗದದ ಮೇಲೆ ಹೆಸರಿರುತ್ತದೆ, ವಿದ್ಯಾರ್ಥಿ ಕಚೇರಿಗೆ ಕಾಲಿಡುವುದಿಲ್ಲ, ಹಗಲಿಡೀ ಕೋಚಿಂಗ್ ತರಗತಿಯಲ್ಲಿರುತ್ತಾನೆ. ಸ್ಟೈಪೆಂಡ್ ಬ್ಯಾಂಕಿಗೆ ಬಂದು ನಗದಾಗಿ ವಾಪಸ್ ಹೋಗುತ್ತದೆ. ಸಂಸ್ಥೆ ಇದರ ವಿರುದ್ಧ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಸಿಕ್ಕಿಬಿದ್ದರೆ ಪ್ರಿನ್ಸಿಪಾಲರ ಮೇಲೆ ಶಿಸ್ತುಕ್ರಮವಾಗುತ್ತದೆ, ವಿದ್ಯಾರ್ಥಿಯ ತರಬೇತಿ ಅವಧಿ ರದ್ದಾಗಬಹುದು. ಸಿಕ್ಕಿಬೀಳದಿದ್ದರೆ ಏನಾಗುತ್ತದೆ ಎಂಬುದು ಇನ್ನೂ ಕಳವಳದ ವಿಷಯ. ಗೋದಾಮನ್ನು ಎಂದೂ ನೋಡದವರೊಬ್ಬರು ಗೋದಾಮಿನ ದಾಸ್ತಾನು ಸರಿಯಿದೆ ಎಂದು ಸಹಿ ಹಾಕುತ್ತಾರೆ, ಆ ಸಹಿ ನಂಬಿ ಬ್ಯಾಂಕು ಸಾಲ ಕೊಡುತ್ತದೆ.

ಕಂಪನಿ ಸೆಕ್ರೆಟರಿ ಆಗಬಯಸುವವರ ದಾರಿ ಇದಕ್ಕಿಂತ ಬೇರೆ. ಅವರಿಗೂ ದೀರ್ಘ ತರಬೇತಿ ಕಡ್ಡಾಯ. 2020ರ ಫೆಬ್ರವರಿಯಲ್ಲಿ ತಿದ್ದಿದ ನಿಯಮದ ಪ್ರಕಾರ ಎಕ್ಸಿಕ್ಯೂಟಿವ್ ಹಂತ ಪಾಸಾದ ಮೇಲೆ 21 ತಿಂಗಳು. ಸಿ.ಎ.ಯಲ್ಲಿ ತರಬೇತಿ ಮುಗಿಸದವರಿಗೆ ಫೈನಲ್ ಪರೀಕ್ಷೆಯ ಬಾಗಿಲೇ ತೆರೆಯುವುದಿಲ್ಲ. ಸಿ.ಎಸ್.ನಲ್ಲಿ ಹಾಗಿಲ್ಲ, ತರಬೇತಿ ನಡೆಯುತ್ತಿರುವಾಗಲೇ ಕೊನೆಯ ಹಂತವಾದ ಪ್ರೊಫೆಷನಲ್ ಪರೀಕ್ಷೆ ಬರೆಯಬಹುದು. ಆದರೆ ಎಲ್ಲ ಪರೀಕ್ಷೆ ಪಾಸಾದರೂ 21 ತಿಂಗಳು ಮುಗಿಯದಿದ್ದರೆ ಸಂಸ್ಥೆಯ ಸದಸ್ಯತ್ವ ಸಿಗದು, ಹೆಸರಿನ ಮುಂದೆ ಎ.ಸಿ.ಎಸ್. ಎಂದು ಬರೆದುಕೊಳ್ಳುವಂತಿಲ್ಲ. ಮೊದಲು ಪರೀಕ್ಷೆ ಮುಗಿಸಿಬಿಡೋಣ ಎಂದು ತರಬೇತಿಯನ್ನು ಮುಂದೂಡಿದವರು, ಪಾಸಾದ ಸಂಭ್ರಮದ ಮರುದಿನ ಇನ್ನೂ ಎರಡು ವರ್ಷದ ದಾರಿ ಉಳಿದಿದೆ ಎಂದು ಕಂಡು ಬೇಸರಪಡುತ್ತಾರೆ.

ತರಬೇತಿಯ ಜಾಗದಲ್ಲೂ ವ್ಯತ್ಯಾಸವಿದೆ. ಸಿ.ಎ. ವಿದ್ಯಾರ್ಥಿ ಸ್ವಂತ ಕಚೇರಿ ನಡೆಸುವ ಸಿ.ಎ. ಬಳಿಗೇ ಹೋಗಬೇಕು. ಸಿ.ಎಸ್. ವಿದ್ಯಾರ್ಥಿ ಹಾಗೆ ವೃತ್ತಿನಿರತ ಕಂಪನಿ ಸೆಕ್ರೆಟರಿಯ ಬಳಿಯೂ ಸೇರಬಹುದು, ನೇರವಾಗಿ ಒಂದು ಕಂಪನಿಯ ಸೆಕ್ರೆಟರಿ ವಿಭಾಗಕ್ಕೂ ಹೋಗಬಹುದು. ಕಂಪನಿಯಲ್ಲಿ ಒಂದೇ ಮಂಡಳಿಯ ಸಭೆಗಳನ್ನು ವರ್ಷವಿಡೀ ಹತ್ತಿರದಿಂದ ನೋಡಲು ಸಿಗುತ್ತದೆ. ಕಚೇರಿಯಲ್ಲಿ ಹತ್ತಾರು ಸಣ್ಣ ಕಂಪನಿಗಳ ಫಾರಂಗಳು ಕೈಮೇಲೆ ಹಾಯುತ್ತವೆ.

ಆ ಕೆಲಸದ ಸ್ವರೂಪ ತಿಳಿಯಲು ಸೆಪ್ಟೆಂಬರ್ ತಿಂಗಳು ಸಾಕು. ಮಾರ್ಚ್‌ಗೆ ವರ್ಷ ಮುಗಿಸುವ ಕಂಪನಿ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಸಭೆಗೆ ಪೂರ್ತಿ 21 ದಿನ ಮುಂಚೆ ನೋಟಿಸ್ ತಲುಪಬೇಕು. 'ಪೂರ್ತಿ' ಎಂದರೆ ನೋಟಿಸ್ ಕೊಟ್ಟ ದಿನವೂ ಸಭೆಯ ದಿನವೂ ಲೆಕ್ಕಕ್ಕಿಲ್ಲ. ಹಾಗಾಗಿ 30ರ ಸಭೆಗೆ 8ನೇ ತಾರೀಖಿಗೆ ನೋಟಿಸ್ ಸದಸ್ಯರ ಕೈಯಲ್ಲಿರಬೇಕು, ಅಂಚೆಯಲ್ಲಿ ಹೋಗುವುದಾದರೆ ಇನ್ನೂ ಮುಂಚೆ ಹೊರಡಬೇಕು. ಹೊಸ ತರಬೇತಿಯವರು ಮೊದಲು ತಪ್ಪುವುದು ಇಲ್ಲಿ: 30ರಿಂದ 21 ಕಳೆದು 9 ಎಂದು ಬರೆದಿಡುತ್ತಾರೆ. ಸಭೆ ಮುಗಿದ 30 ದಿನದೊಳಗೆ ಹಣಕಾಸು ತಖ್ತೆಗಳು ಎ.ಒ.ಸಿ.–4 ಫಾರಂನಲ್ಲಿ, 60 ದಿನದೊಳಗೆ ವಾರ್ಷಿಕ ವಿವರ ಎಂ.ಜಿ.ಟಿ.–7ರಲ್ಲಿ ಕಂಪನಿಗಳ ರಿಜಿಸ್ಟ್ರಾರರಿಗೆ ಹೋಗಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎರಡೂ ಫಾರಂ 40 ದಿನ ತಡವಾದರೆ 8,000.

ಇಷ್ಟಕ್ಕೂ ಆ 40 ದಿನದ ವಿಳಂಬ ಎಲ್ಲಿಂದ ಬರುತ್ತದೆ? ಹೆಚ್ಚಿನ ಸಲ ಕಾನೂನು ಗೊತ್ತಿಲ್ಲದ್ದರಿಂದಲ್ಲ. ಸಹಿ ಹಾಕಬೇಕಾದ ನಿರ್ದೇಶಕರ ಡಿಜಿಟಲ್ ಸಹಿಯ ಅವಧಿ ಮುಗಿದಿರುತ್ತದೆ, ಅದು ತಿಳಿಯುವುದು ಫಾರಂ ಏರಿಸುವ ರಾತ್ರಿ. ಅದನ್ನು ನವೀಕರಿಸಲು ಮೊಬೈಲ್‌ಗೆ ಬರುವ ಒ.ಟಿ.ಪಿ. ಬೇಕು, ನಿರ್ದೇಶಕರು ವಿದೇಶದಲ್ಲಿರುತ್ತಾರೆ. ಒಂದು ಸೆಪ್ಟೆಂಬರ್ ಹೀಗೆ ಕಳೆದ ತರಬೇತಿಯ ಹುಡುಗಿ ಮುಂದಿನ ವರ್ಷ ಆಗಸ್ಟ್‌ನಲ್ಲೇ ಎಲ್ಲ ಕಂಪನಿಗಳ ನಿರ್ದೇಶಕರ ಡಿಜಿಟಲ್ ಸಹಿ ಯಾವಾಗ ಮುಗಿಯುತ್ತದೆ ಎಂಬ ಪಟ್ಟಿ ಮಾಡಿ, ಮುಗಿಯುವ ಹಂತದಲ್ಲಿರುವವರಿಗೆ ಫೋನ್ ಮಾಡಲು ಕೂರುತ್ತಾಳೆ.